ಹನ್ನೆರಡು ಸಾವಿರ ಹಾಳೆ ತಟ್ಟೆಗಳ ಲೆಕ್ಕ

ಮಡಂತ್ಯಾರಿನ ಸಮೀಪ ಅಡಿಕೆ ಹಾಳೆಯ ತಟ್ಟೆ ಮಾಡುವ ಸಣ್ಣ ಘಟಕವೊಂದರ ಲೆಕ್ಕ ನಾನು ಬರೆಯುತ್ತಿದ್ದೆ. ಮದುವೆ, ಜಾತ್ರೆಗಳ ಒಂದು ತಿಂಗಳಲ್ಲಿ 10,000 ಮಾರುವ ಅಂದಾಜಿಗೆ 12,000 ಮಾರಿದ್ದೆವು. ಆದರೂ ಲಾಭ 14,000 ರೂಪಾಯಿಯ ಬದಲು 13,500. "ಮಾಲು ಜಾಸ್ತಿ ಹೋಗಿದೆ, ದುಡ್ಡು ಎಲ್ಲಿ ಹೋಯ್ತು ಮಾರಾಯ್ರೆ?" ಎಂದು ಯಜಮಾನರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮದು ಮೂರು ಮಾಲು. ಒಂದೊಂದರಲ್ಲಿ ಉಳಿಯುವುದು 12 ಇಂಚಿನ ಊಟದ ತಟ್ಟೆಗೆ 2 ರೂಪಾಯಿ, 10 ಇಂಚಿನದಕ್ಕೆ 1 ರೂಪಾಯಿ, ಬಟ್ಟಲಿಗೆ 50 ಪೈಸೆ. ಅಂದಾಜು 5,000, 3,000, 2,000 ಎಂದಿತ್ತು. ಮಾರಿದ್ದು 4,000, 3,000, 5,000. ಬೆಲೆಯಾಗಲೀ ಖರ್ಚಾಗಲೀ ಬದಲಾಗಿರಲಿಲ್ಲ.

ಅಂದಾಜಿನ ಪ್ರಕಾರ ಒಂದಕ್ಕೆ ಸರಾಸರಿ 1.40 ರೂಪಾಯಿ ಉಳಿಯಬೇಕು. 2,000 ಹೆಚ್ಚು ಮಾರಿದ್ದರಿಂದ 2,800 ರೂಪಾಯಿ ಹೆಚ್ಚು ಬರಬೇಕಿತ್ತು. ಇದು ಪ್ರಮಾಣದ ವ್ಯತ್ಯಾಸ, ಅಂದರೆ ಸೇಲ್ಸ್ ಕ್ವಾಂಟಿಟಿ ವೇರಿಯನ್ಸ್. ಅದೇ ಸರಾಸರಿಯಲ್ಲಿ 12,000ಕ್ಕೆ 16,800 ರೂಪಾಯಿ ಆಗಬೇಕು, ಬಂದದ್ದು 13,500. ಕಳೆದುಹೋದ 3,300 ರೂಪಾಯಿ ಮಿಶ್ರಣದ ವ್ಯತ್ಯಾಸ, ಅಂದರೆ ಮಿಕ್ಸ್ ವೇರಿಯನ್ಸ್. ಎರಡನ್ನೂ ಕೂಡಿಸಿದರೆ 500 ರೂಪಾಯಿಯ ಕೊರತೆ ಸರಿಹೊಂದುತ್ತದೆ.

ನಾನು ಎಡವಿದ್ದು ಇದರ ನಂತರ. ಹಳೆಯ ಪಾಲಿನಲ್ಲೇ 12,000 ಮಾರಿದ್ದರೆ ಬಟ್ಟಲು 2,400 ಆಗುತ್ತಿತ್ತು. 2,600 ಹೆಚ್ಚು ಹೋಗಿದೆ, 50 ಪೈಸೆಯಂತೆ 1,300 ರೂಪಾಯಿ ಅನುಕೂಲ ಎಂದು ಬರೆದೆ. ಆ ಸಾಲು ನೋಡಿ ಯಜಮಾನರು ಜಾತ್ರೆಯ ಚರುಮುರಿ ಅಂಗಡಿಗಳಿಂದ ಇನ್ನಷ್ಟು ಬಟ್ಟಲಿನ ಆರ್ಡರ್ ಹಿಡಿದರು. ಬಟ್ಟಲಿನ 50 ಪೈಸೆಯನ್ನು ಸೊನ್ನೆಗಲ್ಲ, 1.40ರ ಸರಾಸರಿಗೆ ಹೋಲಿಸಬೇಕಿತ್ತು. ಆಗ ಒಂದೊಂದು ಬಟ್ಟಲಿಗೆ 90 ಪೈಸೆ ಕಡಿಮೆ, ಒಟ್ಟು 2,340 ರೂಪಾಯಿ ಪ್ರತಿಕೂಲ. ಯಾವ ರೀತಿ ಮಾಡಿದರೂ ಮೂರರ ಮೊತ್ತ ಅದೇ 3,300. ಆದರೆ ಮಾಲುವಾರು ಸಾಲು ಹೇಳುವ ಮಾತು ತಿರುಗಿಬಿಡುತ್ತದೆ.

ಕಾಗದ ಇಷ್ಟೇ ಹೇಳುತ್ತದೆ. ಬಟ್ಟಲು ನಿಜಕ್ಕೂ ದೊಡ್ಡ ತಟ್ಟೆಯ ಜಾಗ ಕಸಿಯಿತೇ ಎಂದು ತಿಳಿಯಲು ಮೆಷಿನ್ ಹತ್ತಿರ ಹೋಗಿ ನಿಂತೆ. ನೆನೆದ ಹಾಳೆ ಬಿಸಿ ಅಚ್ಚಿನಡಿ ಚುಂಯ್ ಎನ್ನುತ್ತಿತ್ತು. ದೊಡ್ಡದಾದರೂ ಚಿಕ್ಕದಾದರೂ ಒತ್ತುವ ಹೊತ್ತು ಹೆಚ್ಚುಕಡಿಮೆ ಒಂದೇ. ಮೆಷಿನ್ ಬಟ್ಟಲಿಗೆ ಸಿಕ್ಕಿಬಿದ್ದು ಎರಡು ಮದುವೆಯ ಆರ್ಡರ್ ವಾಪಸ್ ಕಳುಹಿಸಿದ್ದೆವು ಎಂದು ಅಲ್ಲಿನ ಹೆಂಗಸರೇ ಹೇಳಿದರು. ಅಳಿದುಳಿದ ಹಾಳೆ ತುಂಡಿನಲ್ಲಿ, ಬಿಡುವಿನ ಹೊತ್ತಿನಲ್ಲಿ ಒತ್ತಿದ್ದರೆ ಅದೇ ಬಟ್ಟಲು ನಿಜವಾದ ಲಾಭವೇ ಆಗುತ್ತಿತ್ತು.

ಮುಂದಿನ ತಿಂಗಳಿನಿಂದ ದೊಡ್ಡ ಅಚ್ಚಿನ ಕೆಲಸ ಮುಗಿದ ಮೇಲಷ್ಟೇ ಬಟ್ಟಲಿನ ಅಚ್ಚು ಕೂರಿಸಿದೆವು.