43ನೇ ಪುಟದ ಎರಡು ಸಾಲು

ಪುಟ್ಟೀ,

ನೀನು ಕಳಿಸಿದ ಎಸ್‌ಒಪಿ ನಿನ್ನೆ ರಾತ್ರಿ ಓದಿದೆ. ಉಳಿದದ್ದೆಲ್ಲ ಪರವಾಗಿಲ್ಲ. ಸಂಶೋಧನಾಸಕ್ತಿಯ ಪ್ಯಾರಾ ಮಾತ್ರ ನಿನ್ನದಲ್ಲ, ಬೇರೆ ಯಾರದ್ದೋ ಅನ್ನಿಸಿತು. ಮೆಷಿನ್ ಲರ್ನಿಂಗ್, ಡೀಪ್ ಲರ್ನಿಂಗ್, ಕಂಪ್ಯೂಟರ್ ವಿಷನ್, ಐಒಟಿ ಎಲ್ಲದರಲ್ಲೂ ಅಪಾರ ಆಸಕ್ತಿ ಎಂದಿದ್ದೀಯ. ಆಮೇಲೆ ಟೊಮೆಟೊ ಎಲೆರೋಗವನ್ನು ಶೇ 97ರಷ್ಟು ನಿಖರವಾಗಿ ಗುರುತಿಸಿದ ಪ್ರಾಜೆಕ್ಟು. ಕೊನೆಗೆ, ಪ್ರಕಟಣೆಗಳಿಲ್ಲದಿದ್ದರೂ ಕಲಿಯುವ ಹಂಬಲವಿದೆ ಎಂಬ ಅರ್ಜಿ. ಕಾಲೇಜಿನಲ್ಲಿದ್ದಾಗ ಪ್ರವೇಶ ಸಮಿತಿಯಲ್ಲಿ ಕೂತು ಇಂಥವನ್ನು ಕಟ್ಟುಗಟ್ಟಲೆ ಓದಿದ್ದೇನೆ. ಒಬ್ಬರ ಪ್ಯಾರಾ ಇನ್ನೊಬ್ಬರ ಅರ್ಜಿಗೆ ಅಂಟಿಸಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ.

ಪ್ರಕಟಣೆಯ ಆ ವಾಕ್ಯವನ್ನು ಮೊದಲು ಹೊಡೆದುಹಾಕು. ಮಾಸ್ಟರ್ಸ್‌ಗೆ ಅರ್ಜಿ ಹಾಕುವ ಬಹಳ ಮಂದಿಯ ಬಳಿ ಅದಿರುವುದಿಲ್ಲ. ಇಲ್ಲದ್ದನ್ನು ಇಲ್ಲವೆಂದು ಹೇಳಲು ಇರುವ ಜಾಗ ಖರ್ಚು ಮಾಡಬೇಡ.

ಇನ್ನು ಆ 97. ನಿನ್ನ ಕಣ್ಣಿಗೆ ಅದೇ ಕಿರೀಟ. ಆ ಕ್ಷೇತ್ರದವರ ಕಣ್ಣಿಗೆ ಅದು ಏನೂ ಅಲ್ಲ. ನೀವು ನಾಲ್ವರು ಬಳಸಿದ ಪ್ಲಾಂಟ್‌ವಿಲೇಜ್ ಚಿತ್ರಸಂಗ್ರಹದ ಮೇಲೆ ಮೊಹಾಂತಿ, ಹ್ಯೂಸ್, ಸಲಾಥೆ ಮೂವರು 2016ರಲ್ಲೇ ಶೇ 99.35 ತೆಗೆದಿದ್ದರು. 14 ಬೆಳೆ, 54 ಸಾವಿರಕ್ಕೂ ಹೆಚ್ಚು ಚಿತ್ರ. ಆದರೆ ಅದೇ ಪ್ರಬಂಧದಲ್ಲಿ ಅವರು ಇನ್ನೊಂದು ಮಾತನ್ನೂ ಮುಚ್ಚಿಡದೆ ಬರೆದರು: ಬೇರೆ ಕಡೆಯಿಂದ ತಂದ ಚಿತ್ರಗಳನ್ನು ಕೊಟ್ಟಾಗ ನಿಖರತೆ ಸುಮಾರು ಶೇ 31ಕ್ಕೆ ಕುಸಿಯಿತು. ಆ ಸಂಗ್ರಹದಲ್ಲಿ ಎಲೆಯನ್ನು ಕಿತ್ತು, ಒಂದೇ ಬಣ್ಣದ ಹಾಳೆಯ ಮೇಲಿಟ್ಟು ತೆಗೆದ ಚಿತ್ರಗಳೇ ಹೆಚ್ಚು. 2022ರಲ್ಲಿ ನೋಯಾನ್ ಎಂಬವರು ಎಲೆಯನ್ನೇ ನೋಡದೆ, ಚಿತ್ರದ ಹಿನ್ನೆಲೆಯ 8 ಪಿಕ್ಸೆಲ್‌ಗಳಿಂದ ಮಾತ್ರ ಶೇ 49ರಷ್ಟು ಸರಿ ಉತ್ತರ ತೆಗೆದು ತೋರಿಸಿದರು. 38 ವರ್ಗಗಳಿರುವಾಗ ಕಣ್ಣು ಮುಚ್ಚಿ ಹೇಳಿದರೆ ಶೇ 3 ಕೂಡ ಬರುವುದಿಲ್ಲ. ಅಂದರೆ ಯಂತ್ರ ಕಲಿತದ್ದರಲ್ಲಿ ರೋಗವೆಷ್ಟು, ಹಾಳೆಯೆಷ್ಟು ಎಂಬ ಅನುಮಾನ ನಿನ್ನ ಅರ್ಜಿ ಓದುವವರ ತಲೆಯಲ್ಲಿ ಮೊದಲೇ ಇರುತ್ತದೆ.

ಹಾಗಾಗಿಯೇ ನಿನ್ನ ಪ್ರಾಜೆಕ್ಟ್ ರಿಪೋರ್ಟ್ ತರಿಸಿಕೊಂಡು ಓದಿದೆ. 43ನೇ ಪುಟದ ಕೆಳಗೆ ಎರಡು ಸಾಲು ಸಿಕ್ಕಿತು: ಕೋಲಾರದ ತೋಟದಲ್ಲಿ ತೆಗೆದ 60 ಚಿತ್ರಗಳಲ್ಲಿ 23 ಮಾತ್ರ ಸರಿಯಾದವು, ಮುಂದೆ ಸುಧಾರಿಸಲಾಗುವುದು. ವೈವಾದಲ್ಲಿ ಯಾರೂ ಕೇಳದಿರಲಿ ಎಂದು ಅಲ್ಲಿ ಅಡಗಿಸಿಟ್ಟಿದ್ದೀಯ ಅಲ್ಲವೇ? ಪುಟ್ಟೀ, ನಿನ್ನ ಪ್ಯಾರಾ ಶುರುವಾಗಬೇಕಾದದ್ದು ಅಲ್ಲಿಂದ. 97 ಬಂದದ್ದು ಸಿದ್ಧ ಚಿತ್ರ, ಸಿದ್ಧ ಮಾದರಿಯಿಂದ. ಅದನ್ನು ಯಾರು ಬೇಕಾದರೂ ತೆಗೆಯುತ್ತಿದ್ದರು. ತಾತನ ತೋಟಕ್ಕೆ ಹೋಗಿ ಮೊಬೈಲು ಹಿಡಿದು ನಿಂತವಳು ನೀನೊಬ್ಬಳೇ.

ಭಾನುವಾರ ಫೋನಿನಲ್ಲಿ ನಿನಗೆ ಒಂದು ಕೆಲಸ ಹೇಳಿದ್ದೆನಲ್ಲ, ಆ 60 ಚಿತ್ರಗಳಲ್ಲಿ ಎಲೆಯನ್ನಷ್ಟೇ ಕತ್ತರಿಸಿ ಬೂದು ಹಿನ್ನೆಲೆಗೆ ಕೂರಿಸಿ ಮತ್ತೆ ಓಡಿಸಿ ನೋಡು ಅಂತ. ಒಂದು ಸಂಜೆಯ ಕೆಲಸ. 23 ಇದ್ದದ್ದು 34 ಆಯಿತು ಎಂದು ಮೆಸೇಜ್ ಮಾಡಿದೆ, ಜೊತೆಗೆ ಅಳುವ ಮುಖದ ಚಿತ್ರ ಬೇರೆ. ನನಗೆ ಖುಷಿಯಾಯಿತು. 60ಕ್ಕೆ 60 ಆಗಿದ್ದರೆ ಎಲ್ಲ ತಪ್ಪೂ ಹಿನ್ನೆಲೆಯದ್ದೇ ಎಂದು ಕತೆ ಮುಗಿಯುತ್ತಿತ್ತು. ಈಗ ಹಿನ್ನೆಲೆ ಒಂದು ಕಾರಣವಿರಬಹುದು, ಆದರೆ ಉಳಿದ 26 ತಪ್ಪುಗಳು ಬೇರೆಲ್ಲಿಂದಲೋ ಬಂದಿವೆ. ಆ ಬೇರೆ ಯಾವುದು ಎಂಬುದು ಒಂದು ಪ್ರಶ್ನೆ. ಆಸಕ್ತಿಯ ಪ್ಯಾರಾದಲ್ಲಿ ನಾವು ಹುಡುಕುತ್ತಿದ್ದದ್ದು ಅಂಥದ್ದನ್ನೇ.

"ಆದರೆ ಅತ್ತೆ, ಇದು ಆಗಲೇ ಗೊತ್ತಿರುವ ವಿಷಯ" ಎಂದು ಕೊರಗಿದೆ. ಗೊತ್ತಿರಲಿ. ನೀನು ಹೊಸದೇನನ್ನೂ ಕಂಡುಹಿಡಿದಿಲ್ಲ, ಹಾಗೆ ಹೇಳಿಕೊಳ್ಳುವುದೂ ಬೇಡ. ಮೇಲೆ ಹೇಳಿದ ಎರಡು ಪ್ರಬಂಧಗಳನ್ನು ಓದಿದ್ದೀಯ, ಅವರು ಕಂಡದ್ದನ್ನು ನಿನ್ನ ತೋಟದಲ್ಲಿ ನೀನೂ ಕಂಡೆ, ಅಲ್ಲಿಂದ ಮುಂದಿನ ಚಿಕ್ಕ ಹೆಜ್ಜೆ ಇಂಥದ್ದು ಎಂದರೆ ಸಾಕು. ಓದುವವರಿಗೆ ಬೇಕಾದದ್ದು ಈ ಹುಡುಗಿ ತನ್ನ ಫಲಿತಾಂಶವನ್ನು ತಾನೇ ಅನುಮಾನಿಸಬಲ್ಲಳೇ ಎಂಬುದು.

ಅನುಮಾನ ಎಂದಾಗ ಇನ್ನೊಂದು. ಆ 60 ಎಲೆಗಳಿಗೆ ರೋಗದ ಹೆಸರು ಕೊಟ್ಟವರು ಯಾರು? ತಾತನೇ ಇರಬೇಕು. ನಮ್ಮಪ್ಪನನ್ನು ನಾನು ಬಲ್ಲೆ, ಮುದುಡಿದ ಎಲೆ ಕಂಡರೆಲ್ಲ "ಮುಟುರು" ಅನ್ನುತ್ತಾರೆ. ಬಿಳಿನೊಣ ಹರಡುವ ವೈರಸ್ಸಿನಿಂದಲೂ ಎಲೆ ಮುದುಡುತ್ತದೆ, ನುಸಿಯಿಂದಲೂ ಮುದುಡುತ್ತದೆ, ಬಿಸಿಲಿನ ಝಳಕ್ಕೂ ಮುದುಡುತ್ತದೆ. ನಿನ್ನ 26 ತಪ್ಪಿನಲ್ಲಿ ಕೆಲವು ಯಂತ್ರದ್ದಲ್ಲ, ತಾತನದ್ದೇ ಇರಬಹುದು. ಇದನ್ನೂ ಒಂದು ವಾಕ್ಯದಲ್ಲಿ ಬರೆ. ನಿನ್ನ ಲೆಕ್ಕದ ದುರ್ಬಲ ಜಾಗವನ್ನು ನೀನೇ ತೋರಿಸಿದರೆ ಸಂದರ್ಶನದಲ್ಲಿ ಅವರು ಅಲ್ಲೇ ಮಾತಿಗೆ ಕೂರುತ್ತಾರೆ. ಅಲ್ಲಿ ನಿನಗೆ ಹೇಳುವುದಕ್ಕೆ ಇರುತ್ತದೆ.

ಹಾಗಾದರೆ ಪ್ಯಾರಾ ಹೀಗಿರಬಹುದು. ನೀನು ಬರೆಯುವುದು ಇಂಗ್ಲಿಷಿನಲ್ಲಿ, ನಾನು ತಿರುಳನ್ನಷ್ಟೇ ಹೇಳುತ್ತೇನೆ:

"ಪ್ರಯೋಗಾಲಯದಂಥ ಚಿತ್ರಗಳಲ್ಲಿ ಕಲಿತ ಮಾದರಿ ತೋಟದಲ್ಲಿ ಏಕೆ ಸೋಲುತ್ತದೆ ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಅಂತಿಮ ವರ್ಷದಲ್ಲಿ ನಾಲ್ವರು ಸೇರಿ ಮಾಡಿದ ಟೊಮೆಟೊ ಎಲೆರೋಗದ ಪ್ರಾಜೆಕ್ಟಿನಲ್ಲಿ ಮಾದರಿಯ ತರಬೇತಿ ಮತ್ತು ತೋಟದ ಪರೀಕ್ಷೆ ನನ್ನ ಪಾಲಿನದು. ಪ್ಲಾಂಟ್‌ವಿಲೇಜ್ ಚಿತ್ರಗಳಲ್ಲಿ ಶೇ 97 ಬಂದದ್ದು, ಒಂದೇ ತೋಟದ 60 ಚಿತ್ರಗಳಲ್ಲಿ 23ಕ್ಕೆ ಇಳಿಯಿತು. ಹಿನ್ನೆಲೆ ತೆಗೆದಾಗ 34ಕ್ಕೆ ಏರಿತು. ಚಿತ್ರಗಳು ಕಡಿಮೆ, ರೋಗದ ಹೆಸರುಗಳನ್ನು ತಜ್ಞರು ಪರಿಶೀಲಿಸಿಲ್ಲ. ಆದರೂ ಹಿನ್ನೆಲೆಯೊಂದೇ ಕಾರಣವಿರಲಾರದು ಎನಿಸುತ್ತದೆ. ಪ್ರತಿ ರೋಗಕ್ಕೂ ತೋಟದ ಹತ್ತಿಪ್ಪತ್ತು ಚಿತ್ರಗಳನ್ನಷ್ಟೇ ತರಬೇತಿಗೆ ಸೇರಿಸಿದರೆ ಈ ಅಂತರ ಎಷ್ಟು ತಗ್ಗುತ್ತದೆ ಎಂದು ತಿಳಿಯುವುದು ನನ್ನ ಮುಂದಿನ ಆಸೆ."

"ನಾವು" ಎಲ್ಲಿ, "ನಾನು" ಎಲ್ಲಿ ಎಂಬುದನ್ನು ಗಮನಿಸು. ವೆಬ್‌ಸೈಟ್ ಕಟ್ಟಿದ ಗೆಳತಿಯ ಕೆಲಸ ಇಲ್ಲಿ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಐಒಟಿ ಹೋಯಿತು, ಅದರ ಮೇಲೆ ನಿನಗಿದ್ದ ಪ್ರೀತಿಯೂ ಅಷ್ಟರಲ್ಲೇ ಇತ್ತು.

ಇದರ ಕೆಳಗೆ ಆಯಾ ವಿಭಾಗಕ್ಕೆ ತಕ್ಕಂತೆ ಬದಲಾಗುವ ಎರಡು ವಾಕ್ಯ ಬೇಕು. ಅಲ್ಲಿನ ಒಬ್ಬರ ಈಚಿನ ಎರಡು ಪ್ರಬಂಧಗಳನ್ನು ಪೂರ್ತಿ ಓದು, ಅವರ ವಿಧಾನದಲ್ಲಿ ಯಾವುದು ನಿನ್ನ ಪ್ರಶ್ನೆಗೆ ಒದಗುತ್ತದೆ ಎಂದು ಹೇಳು. ಹೆಸರು ಹಾಕಿ ಹೊಗಳಿದರೆ ಸಾಲದು, ಅದನ್ನು ಎಲ್ಲರೂ ಮಾಡುತ್ತಾರೆ. ಒದಗುವಂಥವರು ಯಾರೂ ಇಲ್ಲವೆಂದಾದರೆ ಆ ಜಾಗಕ್ಕೆ ಅರ್ಜಿ ಹಾಕಬೇಕೇ ಎಂದು ಮತ್ತೊಮ್ಮೆ ಯೋಚಿಸು, ಶುಲ್ಕವಾದರೂ ಉಳಿದೀತು.

ಕಳಿಸುವ ಮುಂಚೆ ಆ 60 ಚಿತ್ರಗಳನ್ನು ತೋಟಗಾರಿಕೆ ಇಲಾಖೆಯವರಿಗೊಮ್ಮೆ ತೋರಿಸು. ಅವರು ಹತ್ತರ ಹೆಸರು ಬದಲಿಸಿದರೆ 23, 34 ಎರಡೂ ಬದಲಾಗುತ್ತವೆ, ಆಗ ಪ್ಯಾರಾದಲ್ಲೂ ಬದಲಿಸು, "ತಜ್ಞರು ಪರಿಶೀಲಿಸಿಲ್ಲ" ಎಂಬುದನ್ನೂ ತೆಗೆ. ತಾತನಿಗೆ ಮಾತ್ರ ನಾನು ಹೇಳಿದೆ ಅಂತ ಹೇಳಬೇಡ.

ನಿನ್ನ ಅತ್ತೆ