ಊತ ಬಂದದ್ದು ಯಾವಾಗ?

ದಾವಣಗೆರೆಯ ವಾರ್ಡಿನಲ್ಲಿ ರೌಂಡ್ಸಿಗೆ ಕೇಸು ಹೇಳಲು ನಿಂತಾಗ "ಮೆನಿಸ್ಕಸ್ ಹರಿದಿದೆ" ಎಂದು ಶುರು ಮಾಡಬೇಡಿ. ಹುಡುಗನ ಕಥೆಯಿಂದ ಶುರು ಮಾಡಿ. ಉದಾಹರಣೆಗೆ ಹೀಗೆ:

"ಹರಿಹರದ 19 ವರ್ಷದ ಫುಟ್‌ಬಾಲ್ ಆಟಗಾರ. ನಾಲ್ಕು ದಿನದ ಹಿಂದೆ ಬಲಗಾಲು ಊರಿ ಗಕ್ಕನೆ ತಿರುಗಿದಾಗ ಮಂಡಿಯ ಒಳಬದಿ ನೋವು. ಆಟ ಮುಗಿಸಿಯೇ ಮನೆಗೆ ಹೋದ. ಊತ ಬಂದದ್ದು ಮರುದಿನ ಬೆಳಿಗ್ಗೆ. ಈಗ ಕುಕ್ಕರಗಾಲಲ್ಲಿ ಕೂರಲಾಗುತ್ತಿಲ್ಲ."

ಆ 'ಮರುದಿನ'ವನ್ನು ನುಂಗಬೇಡಿ. ಒಂದೆರಡು ಗಂಟೆಯಲ್ಲೇ ಉಬ್ಬಿದ್ದರೆ ಕೀಲಿನೊಳಗೆ ರಕ್ತ ತುಂಬಿರಬಹುದು. ಆಗ ಮೊದಲ ಅನುಮಾನ ಎಸಿಎಲ್ ಮೇಲೆ. ಎಸಿಎಲ್, ಮೆನಿಸ್ಕಸ್ ಎರಡೂ ಒಟ್ಟಿಗೆ ಹರಿಯುವುದುಂಟು. ಆದ್ದರಿಂದ ಲ್ಯಾಕ್‌ಮನ್ ಪರೀಕ್ಷೆಯಲ್ಲಿ ಏನು ಕಂಡಿತೆಂದು ಹೇಳದೆ ಮುಂದೆ ಹೋಗಬೇಡಿ.

ಮಂಡಿ ಮಡಚಿಸಿ, ಕೀಲಿನ ಗೆರೆಯುದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ನೋವು ಎಲ್ಲಿ ಎಂದು ಬೆರಳಿಟ್ಟು ತೋರಿಸಿ. ಮೆಕ್‌ಮರೇ ನೆಗೆಟಿವ್ ಬಂದ ಮಾತ್ರಕ್ಕೆ ಹರಿದಿಲ್ಲ ಎನ್ನಲಾಗದು. ಮಂಡಿ ಸಿಕ್ಕಿಕೊಂಡು ಪೂರ್ತಿ ನೆಟ್ಟಗಾಗದಿದ್ದರೆ ಬಲವಂತವಾಗಿ ತಿರುಚಲೇಬೇಡಿ. ಹರಿದ ತುಂಡು ಕೀಲಿನ ನಡುವೆ ಕೂತಿರಬಹುದು. ಅಂಥವನಿಗೆ ಎಂಆರ್‌ಐಯನ್ನು ಮುಂದೂಡಬೇಡಿ: ರಕ್ತ ಹರಿಯುವ ಹೊರ ಅಂಚಿನಲ್ಲಿ ಹರಿದಿದ್ದರೆ, ಈ ವಯಸ್ಸಿನಲ್ಲಿ ಕತ್ತರಿಸದೆ ಹೊಲಿದು ಉಳಿಸಲು ಅವಕಾಶ ಹೆಚ್ಚು.