ಟ್ಯಾಂಕಿನ ಉಪ್ಪಿನ ಲೆಕ್ಕ: ಮಾಡಬೇಕಾದ್ದು, ಮಾಡಬಾರದ್ದು

ಬಸವಕಲ್ಯಾಣದಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ ಓದುವವರಿಗೂ ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವವರಿಗೂ ಈ ಸೂಚನೆ. ಅಸೈನ್‌ಮೆಂಟಿನ ಎರಡು ಲೆಕ್ಕಗಳೂ ನೀರಿನ ಟ್ಯಾಂಕಿನವೇ. ಅಂಕಿಗಳು ಲೆಕ್ಕಕ್ಕೆಂದು ಹಿಡಿದವು, ಯಾವ ಬೋರ್‌ವೆಲ್ಲಿನ ಪರೀಕ್ಷಾ ವರದಿಯೂ ಅಲ್ಲ.

ಮೊದಲನೆಯದು. 1000 ಲೀಟರ್ ಟ್ಯಾಂಕ್ ತುಂಬ ಬೋರ್‌ವೆಲ್ ನೀರಿದೆ, ಲೀಟರಿಗೆ 2 ಗ್ರಾಂ ಉಪ್ಪು. ನಿಮಿಷಕ್ಕೆ 20 ಲೀಟರಿನಂತೆ ಒಳಬರುವ ಕೆರೆಯ ನೀರಿನಲ್ಲಿ ಲೀಟರಿಗೆ ಅರ್ಧ ಗ್ರಾಂ. ಹೊರಗೂ ಅಷ್ಟೇ ನೀರು ಹೋಗುತ್ತದೆ.

ಮಾಡಬೇಕಾದ್ದು: ವಿಧಾನದ ಹೆಸರು ಬರೆಯುವ ಮೊದಲು ಸಮೀಕರಣ ಕಟ್ಟಿ. ಒಳಬರುವ ಉಪ್ಪಿನಿಂದ ಹೊರಹೋಗುವ ಉಪ್ಪನ್ನು ಕಳೆಯಬೇಕು. S ಗ್ರಾಂ ಉಪ್ಪಿದ್ದರೆ

dS/dt = 10 − S/50

ಬಲಬದಿಯಲ್ಲಿ t ಇಲ್ಲ, ಆದ್ದರಿಂದ ಚರಗಳನ್ನು ಬೇರ್ಪಡಿಸಬಹುದು: dS/(S − 500) = −dt/50. ಅನುಕಲಿಸಿದಾಗ ln|S − 500| = −t/50 + c. ಇದರಿಂದ S = 500 + Ce^(−t/50). ಆರಂಭದಲ್ಲಿ S = 2000, ಹಾಗಾಗಿ C = 1500. 50 ನಿಮಿಷಕ್ಕೆ ಸುಮಾರು 1052 ಗ್ರಾಂ ಉಳಿದಿರುತ್ತದೆ.

ಮಾಡಬಾರದ್ದು: ln ಒಳಗಿನ ಮಾಪಾಂಕ ಚಿಹ್ನೆಯನ್ನು ಬಿಡಬಾರದು. ಇಲ್ಲಿ ಬಿಟ್ಟರೂ ಉತ್ತರ ಸರಿಯಾಗಿಯೇ ಬರುತ್ತದೆ, ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಟ್ಯಾಂಕಿನಲ್ಲಿ ಮೊದಲೇ ಬರೀ 300 ಗ್ರಾಂ ಉಪ್ಪಿದ್ದಿದ್ದರೆ S − 500 ಋಣಸಂಖ್ಯೆಯಾಗುತ್ತಿತ್ತು, ಅದರ ಲಾಗರಿದಮ್ ತೆಗೆಯುವ ಹಾಗಿಲ್ಲ. ಚಿಹ್ನೆ ಇಟ್ಟುಕೊಂಡವರಿಗೆ C = −200 ಎಂದು ಸುಲಭವಾಗಿ ಸಿಗುತ್ತದೆ.

S − 500 ನಿಂದ ಭಾಗಿಸಿದ ಮೇಲೆ S = 500 ಎಂಬ ಪರಿಹಾರವನ್ನು ಮರೆಯಲೂಬಾರದು. ಭಾಗಿಸುವಾಗ ಅದನ್ನು ನಾವೇ ಹೊರಗಿಟ್ಟಿರುತ್ತೇವೆ. ಅದು ನಿಜವಾದ ಸ್ಥಿತಿ: ಉಪ್ಪು 500 ಗ್ರಾಮಿಗೆ ಬಂದರೆ ಒಳಬರುವುದೂ ಹೊರಹೋಗುವುದೂ ಸಮ. C = 0 ಹಾಕಿದರೆ ಈ ಪರಿಹಾರವೂ ಸಿಗುತ್ತದೆ ಎಂದು ಒಂದು ಸಾಲು ಬರೆಯಲೇಬೇಕು.

ಎರಡನೆಯ ಲೆಕ್ಕದಲ್ಲೇ ಹೆಚ್ಚಿನವರು ಎಡವುವುದು. ಅದೇ ಟ್ಯಾಂಕ್, ಆದರೆ ಆರಂಭದಲ್ಲಿ ಅರ್ಧ ಮಾತ್ರ, 500 ಲೀಟರ್, ತುಂಬಿದೆ. ಉಪ್ಪು 1000 ಗ್ರಾಂ. ಒಳಗೆ ಅದೇ ಕೆರೆಯ ನೀರು ನಿಮಿಷಕ್ಕೆ 20 ಲೀಟರ್, ಹೊರಗೆ 10. ಈಗ ನೀರಿನ ಪ್ರಮಾಣ 500 + 10t, ಆದ್ದರಿಂದ

dS/dt = 10 − S/(50 + t)

ಮಾಡಬಾರದ್ದು: ಇದನ್ನು ಬೇರ್ಪಡಿಸಲು ಹೋಗಬಾರದು. ಬಲಬದಿಯನ್ನು S ಮಾತ್ರ ಇರುವ ಒಂದು ಅಪವರ್ತನ, t ಮಾತ್ರ ಇರುವ ಇನ್ನೊಂದು ಅಪವರ್ತನ ಎಂದು ಒಡೆಯಲು ಬರುವುದಿಲ್ಲ. ಇಂಟಿಗ್ರೇಟಿಂಗ್ ಫ್ಯಾಕ್ಟರ್ ಬೇಕಾಗುವುದು ಇಲ್ಲಿ.

ಮಾಡಬೇಕಾದ್ದು: ಮೊದಲು dS/dt ಯ ಗುಣಾಂಕ 1 ಇದೆಯೇ ನೋಡಿ. dS/dt + S/(50 + t) = 10 ಎಂಬ ರೂಪದಲ್ಲಿ P = 1/(50 + t). ಅದರ ಅನುಕಲ ln(50 + t), ಹಾಗಾಗಿ ಫ್ಯಾಕ್ಟರ್ 50 + t. ಕೆಲವರು ಛೇದ ತೆಗೆದುಹಾಕಲು ಮೊದಲೇ ಗುಣಿಸಿ, (50 + t)dS/dt + S = 10(50 + t) ಎಂದು ಬರೆದು, S ನ ಗುಣಾಂಕ 1 ಎಂದು ನೋಡಿ ಫ್ಯಾಕ್ಟರ್ e^t ಎನ್ನುತ್ತಾರೆ. ಅದು ತಪ್ಪು. ಹಾಗೆ ಗುಣಿಸಿದಾಗಲೇ ಎಡಬದಿ S(50 + t) ಯ ಅವಕಲನವಾಗಿ ನಿಂತಿದೆ, ಮತ್ತೆ ಯಾವುದರಿಂದಲೂ ಗುಣಿಸಬೇಕಿಲ್ಲ.

ಅನುಕಲಿಸಿದರೆ S(50 + t) = 5(50 + t)² + C. ಸ್ಥಿರಾಂಕ C ಯನ್ನು ಈ ಸಾಲಿನಲ್ಲೇ ಬರೆಯಬೇಕು. t = 0, S = 1000 ಹಾಕಿದರೆ C = 37500. ಆಮೇಲೆ ಭಾಗಿಸಿ:

S = 5(50 + t) + 37500/(50 + t)

ಮಾಡಬಾರದ್ದು: ಭಾಗಿಸಿದ ಮೇಲೆ ಕೊನೆಯಲ್ಲಿ C ಅಂಟಿಸಬಾರದು. S = 5(50 + t) + C ಎಂದು ಬರೆದವರಿಗೆ C = 750 ಬರುತ್ತದೆ, ಆರಂಭದ ಷರತ್ತೂ ಹೊಂದುತ್ತದೆ. ಆದರೂ ಉತ್ತರ ಸುಳ್ಳು. ಅವರ ಸೂತ್ರದ ಪ್ರಕಾರ ಉಪ್ಪು ಮೊದಲ ಕ್ಷಣದಿಂದಲೇ ನಿಮಿಷಕ್ಕೆ 5 ಗ್ರಾಂ ಏರುತ್ತದೆ. ಮೂಲ ಸಮೀಕರಣಕ್ಕೆ t = 0 ಹಾಕಿ: 10 − 1000/50 = −10, ಅಂದರೆ ಆ ಕ್ಷಣ ಉಪ್ಪು ಇಳಿಯುತ್ತಿದೆ. ಈ ಒಂದು ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ. ಆರಂಭದ ಷರತ್ತು ಹೊಂದಿತೆಂದು ಪೆನ್ನು ಕೆಳಗಿಡಬೇಡಿ. ಉತ್ತರವನ್ನು ಅವಕಲಿಸಿ, ಸಮೀಕರಣಕ್ಕೆ ಹಾಕಿ, ಆ ಸಾಲನ್ನು ಹಾಳೆಯ ಮೇಲೆ ತೋರಿಸಿ.

ಮಾಡಬೇಕಾದ್ದು: t ಯ ಮಿತಿ ಬರೆಯಿರಿ. 50 ನಿಮಿಷಕ್ಕೆ ಟ್ಯಾಂಕ್ ತುಂಬುತ್ತದೆ. ಆಗ ಉಪ್ಪು 500 + 375 = 875 ಗ್ರಾಂ, ಲೀಟರಿಗೆ 0.875 ಗ್ರಾಂ. 51ನೇ ನಿಮಿಷಕ್ಕೆ ಈ ಸೂತ್ರ ಸಲ್ಲದು, ನೀರು ಮೇಲಿಂದ ಹೊರಚೆಲ್ಲುತ್ತಿರುತ್ತದೆ. ಟ್ಯಾಂಕಿನ ನೀರು ಸದಾ ಚೆನ್ನಾಗಿ ಬೆರೆತಿದೆ ಎಂದು ಹಿಡಿದಿದ್ದೇವೆ, ಅದನ್ನೂ ಮೊದಲ ಸಾಲಿನಲ್ಲೇ ಬರೆಯಿರಿ. ಕಲಕದ ಟ್ಯಾಂಕಿನಲ್ಲಿ, ಪೈಪು ಮೇಲೆ ಸುರಿದು ನಲ್ಲಿ ತಳದಿಂದ ಎಳೆಯುವಾಗ, ಹೊರಬರುವ ನೀರಿನ ಉಪ್ಪು S/(500 + 10t) ಗೆ ಸಮನಾಗಿರಬೇಕೆಂದಿಲ್ಲ.